ಸ್ಪ್ರಿಂಟ್, ಕೀರಿನ್, ಪರ್ಸೂಟ್: ಟ್ರ್ಯಾಕ್ ಸೈಕ್ಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಲಿಂಪಿಕ್ಸ್ ಬಂದಾಗಲೆಲ್ಲ ಗೆಳೆಯರು, ನೆಂಟರು, ಓದುಗರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಸೂಕ್ಷ್ಮದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಸಲ ನೋಡುವವರಿಗೆ

ಈ ಸೈಕಲ್ಲಿಗೆ ಬ್ರೇಕೇ ಇಲ್ವಂತೆ, ನಿಜಾನಾ? ಹಂಗಾದ್ರೆ ನಿಲ್ಲಿಸೋದು ಹೇಗೆ?

ನಿಜ. ಬ್ರೇಕ್ ಇಲ್ಲ, ಗೇರ್ ಬದಲಾಯಿಸುವ ವ್ಯವಸ್ಥೆ ಇಲ್ಲ, ಫ್ರೀವೀಲ್ ಕೂಡ ಇಲ್ಲ. ನಮ್ಮ ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ತುಳಿಯುವುದನ್ನು ಬಿಟ್ಟರೂ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಟ್ರ್ಯಾಕ್ ಸೈಕಲ್ಲಿನಲ್ಲಿ ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಅದರ ಜೊತೆ ಕಾಲೂ ತಿರುಗಲೇಬೇಕು. ವೇಗದಲ್ಲಿರುವಾಗ ಮೈಮರೆತು ಕಾಲು ಬಿಗಿಹಿಡಿದರೆ ಪೆಡಲ್ ಸವಾರನನ್ನು ಸೀಟಿನಿಂದ ಎತ್ತಿ ಎಸೆದುಬಿಡುತ್ತದೆ.

ನಿಧಾನ ಮಾಡಬೇಕಾದರೆ ತಿರುಗುವ ಪೆಡಲ್‌ಗೆ ಕಾಲಿನಿಂದ ಸ್ವಲ್ಪ ಸ್ವಲ್ಪವೇ ಎದುರೊತ್ತು ಕೊಡುತ್ತಾರೆ, ಇಲ್ಲವೇ ಟ್ರ್ಯಾಕಿನ ಓರೆಯ ಮೇಲಕ್ಕೆ ಹತ್ತಿ ವೇಗ ಕರಗಿಸುತ್ತಾರೆ. ರೇಸ್ ಮುಗಿದ ಮೇಲೂ ಎರಡು ಮೂರು ಸುತ್ತು ತಿರುಗುತ್ತಲೇ ಇರುವುದು ಇದಕ್ಕೇ. ಬ್ರೇಕ್ ಇಲ್ಲದಿರುವುದು ಅಪಾಯದಂತೆ ಕಂಡರೂ ಅದೇ ಇಲ್ಲಿನ ರಕ್ಷಣೆ. ಗುಂಪಿನಲ್ಲಿ ಮುಂದಿನವನು ದಿಢೀರ್ ಬ್ರೇಕ್ ಹಾಕುವ ಸಾಧ್ಯತೆಯೇ ಇಲ್ಲ ಎಂಬ ಭರವಸೆಯ ಮೇಲೆ ಹಿಂದಿನವನು ಅವನ ಚಕ್ರಕ್ಕೆ ಗೇಣು ದೂರದಲ್ಲಿ ಹೋಗುತ್ತಾನೆ. ಈ ಸೈಕಲ್ಲನ್ನು ಬ್ರೇಕ್ ಹಾಕಿಸದೆ ರಸ್ತೆಗೆ ಮಾತ್ರ ತರಬೇಡಿ.

ಟ್ರ್ಯಾಕನ್ನ ಅಷ್ಟು ಓರೆಯಾಗಿ ಯಾಕೆ ಕಟ್ತಾರೆ? ಜಾರಿ ಬೀಳಲ್ವಾ?

ಒಲಿಂಪಿಕ್ಸ್ ಮಟ್ಟದ ವೆಲೊಡ್ರೋಮ್‌ನಲ್ಲಿ ಒಂದು ಸುತ್ತು 250 ಮೀಟರ್. ನೆಲ ಮರದ ಪಟ್ಟಿಗಳದ್ದು. ನೇರ ಭಾಗದಲ್ಲಿ ಓರೆ 12 ಡಿಗ್ರಿಯ ಆಸುಪಾಸು, ತಿರುವಿನಲ್ಲಿ 42 ರಿಂದ 45 ಡಿಗ್ರಿ. ಬರಿಗಾಲಲ್ಲಿ ಹತ್ತಲು ಹೋದರೆ ಕೈಯೂರಬೇಕಾಗುವಷ್ಟು ಕಡಿದು.

ಗಂಟೆಗೆ 70 ಕಿ.ಮೀ. ವೇಗದಲ್ಲಿ ಇಷ್ಟು ಚಿಕ್ಕ ತಿರುವು ತೆಗೆದುಕೊಳ್ಳಬೇಕಾದರೆ ಸವಾರ 45 ಡಿಗ್ರಿಗಿಂತಲೂ ಹೆಚ್ಚು ವಾಲಬೇಕು. ಸಮತಟ್ಟು ನೆಲದಲ್ಲಿ ಅಷ್ಟು ವಾಲಿದರೆ ಟೈರಿನ ಹಿಡಿತ ತಪ್ಪುತ್ತದೆ. ನೆಲವೇ ಓರೆಯಾಗಿದ್ದರೆ ಸವಾರ ನೆಲಕ್ಕೆ ಹೆಚ್ಚು ಕಡಿಮೆ ನೇರವಾಗಿಯೇ ಇದ್ದಂತಾಗುತ್ತದೆ, ಟೈರು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಹೊಸಬರು ಜಾರುವುದು ಜೋರಾಗಿ ಹೋದಾಗ ಅಲ್ಲ, ತಿರುವಿನಲ್ಲಿ ಹೆದರಿ ನಿಧಾನ ಮಾಡಿದಾಗ. ತರಬೇತುದಾರರು ಮೊದಲ ದಿನ ಕೂಗಿ ಹೇಳುವ ಮಾತು ಒಂದೇ, ತಿರುವು ಬಂದಾಗ ತುಳಿತ ನಿಲ್ಲಿಸಬೇಡಿ.

ನೆಲದ ಮೇಲೆ ಕಪ್ಪು, ಕೆಂಪು, ನೀಲಿ ಗೆರೆ ಯಾಕೆ?

ಒಳಅಂಚಿನ ಬಳಿ ಇರುವ ಕಪ್ಪು ಗೆರೆ ಅಳತೆಯದು, 250 ಮೀಟರ್ ಅನ್ನುವುದು ಅದರ ಮೇಲೆ ಅಳೆದಾಗ. ಅದರ ಮೇಲೆ ಕೆಂಪು ಗೆರೆ. ಕಪ್ಪು ಮತ್ತು ಕೆಂಪಿನ ನಡುವಿನ ಕಿರಿದಾದ ಜಾಗವೇ ಸ್ಪ್ರಿಂಟರ್‌ಗಳ ಓಣಿ. ಕೊನೆಯ 200 ಮೀಟರ್‌ನಲ್ಲಿ ಮುಂದಿರುವವನು ಆ ಓಣಿಯೊಳಗಿದ್ದರೆ ಅದು ಅವನದು. ಹಿಂದಿನವನು ಹೊರಗಿನಿಂದ ಸುತ್ತಿಬಂದೇ ದಾಟಬೇಕು, ಮುಂದಿನವನೂ ಹೊರಗೆ ಬಂದು ಅಡ್ಡಗಟ್ಟುವಂತಿಲ್ಲ. ಇನ್ನೂ ಮೇಲಿರುವ ನೀಲಿ ಗೆರೆ ಗುಂಪಿನ ದೂರದ ರೇಸ್‌ಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಕಪ್ಪು ಗೆರೆಗಿಂತ ಒಂದು ಮೀಟರ್ ಹೊರಗೆ ಹೋದರೆ ಪ್ರತಿ ಸುತ್ತಿಗೂ ಸುಮಾರು 6 ಮೀಟರ್ ಹೆಚ್ಚು ಓಡಬೇಕು. ಹೊರಗಿನಿಂದ ದಾಟುವವನು ಎಷ್ಟು ಬಲಶಾಲಿಯಾಗಿರಬೇಕು ಎಂಬುದು ಇದರಲ್ಲೇ ತಿಳಿಯುತ್ತದೆ.

ರಸ್ತೆ ರೇಸಿಗೂ ಇದಕ್ಕೂ ಅಸಲಿ ವ್ಯತ್ಯಾಸ ಏನು? ಎರಡೂ ಸೈಕಲ್ ತುಳಿಯೋದೇ ತಾನೆ?

ಎರಡರಲ್ಲೂ ಎದುರಾಳಿ ಗಾಳಿ. ಗಂಟೆಗೆ 50 ಕಿ.ಮೀ. ಮೇಲೆ ಹೋದಾಗ ಸವಾರನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ.

ರಸ್ತೆಯಲ್ಲಿ ಈ ಉಳಿತಾಯ ಗಂಟೆಗಟ್ಟಲೆ ನಡೆಯುವ ವ್ಯವಹಾರ. ನೂರಕ್ಕೂ ಹೆಚ್ಚು ಸವಾರರ ಗುಂಪು, ಅದರೊಳಗೆ ತಂಡದ ನಾಯಕನನ್ನು ಗಾಳಿಯಿಂದ ಕಾಪಾಡುವ ಸಹಾಯಕರು, ಬೆಟ್ಟ, ಮಳೆ, ಅಡ್ಡಗಾಳಿ, ಊಟ, ನೀರು. ಟೂರ್ ದ ಫ್ರಾನ್ಸ್ ಮೂರು ವಾರಗಳ ಕಾಲ ಸಾಗುತ್ತದೆ. ಒಂದು ನಿಮಿಷ ಎಡವಟ್ಟಾದರೂ ನಾಳೆ ಸರಿಪಡಿಸಿಕೊಳ್ಳಬಹುದು.

ಟ್ರ್ಯಾಕಿನಲ್ಲಿ ಬೆಟ್ಟವಿಲ್ಲ, ಹವಾಮಾನವಿಲ್ಲ, ಗೇರ್ ಇಲ್ಲ. ಗಾಳಿಯನ್ನು ಯಾರು ಹೊತ್ತುಕೊಳ್ಳಬೇಕು ಅನ್ನುವ ಒಂದೇ ಪ್ರಶ್ನೆ ಉಳಿಯುತ್ತದೆ. ಸ್ಪ್ರಿಂಟ್‌ನಲ್ಲಿ ಅದನ್ನು ಎದುರಾಳಿಯ ತಲೆಗೆ ಕಟ್ಟಲು ನೋಡುತ್ತಾರೆ. ಕೀರಿನ್‌ನಲ್ಲಿ ಮೊದಲರ್ಧ ಅದನ್ನು ಮೋಟಾರು ಹೊರುತ್ತದೆ. ಒಬ್ಬರೇ ಓಡುವ ಪರ್ಸೂಟ್‌ನಲ್ಲಿ ತಾನೇ ಹೊರಬೇಕು, ತಂಡದ ಪರ್ಸೂಟ್‌ನಲ್ಲಿ ನಾಲ್ವರು ಸರದಿಯಂತೆ ಹಂಚಿಕೊಳ್ಳುತ್ತಾರೆ. ಇಷ್ಟು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

## ಒಂದೊಂದೇ ಸ್ಪರ್ಧೆಯ ಬಗ್ಗೆ

ಸ್ಪ್ರಿಂಟ್ ಅಂತಾರೆ, ಆದ್ರೆ ಇಬ್ಬರೂ ಆಮೆ ತರ ಹೋಗ್ತಾರೆ, ಒಮ್ಮೊಮ್ಮೆ ನಿಂತೇಬಿಡ್ತಾರೆ. ಇದೆಂಥ ರೇಸು?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ನನ್ನ ಪ್ರಕಾರ ಇಡೀ ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಅತ್ಯಂತ ರೋಚಕ ಗಳಿಗೆಯೂ ಅದೇ.

ಇಬ್ಬರು ಸವಾರರು, 250 ಮೀಟರ್ ಟ್ರ್ಯಾಕಿನಲ್ಲಿ ಮೂರು ಸುತ್ತು. ಮೊದಲು ಗೆರೆ ದಾಟಿದವನು ಗೆದ್ದ, ಒಟ್ಟು ಸಮಯ ಲೆಕ್ಕಕ್ಕಿಲ್ಲ. ಬೇಗ ಓಡಿ ಮುಂದಾದವನು ಗಾಳಿಯನ್ನೆಲ್ಲ ತಾನೇ ಸೀಳಬೇಕು. ಹಿಂದಿರುವವನು ಅವನ ನೆರಳಿನಲ್ಲಿ ಶಕ್ತಿ ಉಳಿಸಿಕೊಂಡು ಕೊನೆಯ ತಿರುವಿನಲ್ಲಿ ಹಾರಿ ದಾಟುತ್ತಾನೆ. ಹಿಂದಿರುವವನಿಗೆ ಇನ್ನೂ ಒಂದು ಲಾಭವಿದೆ. ಮುಂದಿನವನು ಏನು ಮಾಡುತ್ತಿದ್ದಾನೆ ಅನ್ನುವುದು ಅವನಿಗೆ ಕಣ್ಣೆದುರೇ ಕಾಣುತ್ತದೆ, ಮುಂದಿನವನು ಮಾತ್ರ ಭುಜದ ಮೇಲಿಂದ ಹೊರಳಿ ಹೊರಳಿ ನೋಡಬೇಕು. ಹಾಗಾಗಿ ಇಬ್ಬರಿಗೂ ಹಿಂದೆ ಇರುವುದೇ ಬೇಕು.

ಒಳಬದಿಯಿಂದ ಹೊರಡುವವನು ಯಾರು ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಅವನು ಶುರುವಿನಲ್ಲಿ ಮುಂದೆ ಹೋಗಲೇಬೇಕು. ಅವನು ಆ ಶಾಪದಿಂದ ತಪ್ಪಿಸಿಕೊಳ್ಳಲು ಓರೆಯ ಮೇಲೆ ಹತ್ತಿ, ಪೆಡಲನ್ನು ಹಿಡಿದು, ಸೈಕಲ್ಲನ್ನು ಇದ್ದಲ್ಲೇ ನಿಲ್ಲಿಸುತ್ತಾನೆ. ಕಾಲು ನೆಲಕ್ಕೆ ತಾಗುವಂತಿಲ್ಲ, ಹಿಂದಕ್ಕೆ ಸರಿಯುವಂತಿಲ್ಲ. ಹಿಂದಿನವನಿಗೆ ತಾಳ್ಮೆ ತಪ್ಪಿದರೆ ಅವನೇ ಮುಂದೆ ಸರಿಯುತ್ತಾನೆ, ಆಟ ತಿರುಗುತ್ತದೆ. ಹಿಂದೆ ಇದು ಬಹಳ ಹೊತ್ತು ನಡೆಯುತ್ತಿತ್ತು, ಈಗಿನ ನಿಯಮದಲ್ಲಿ ಒಂದು ನಿಲುಗಡೆಗೆ 30 ಸೆಕೆಂಡು ಮಿತಿ.

ಮುಂದೆ ಸಿಕ್ಕಿಕೊಂಡವನಿಗೂ ದಾರಿಯಿದೆ. ಅವನು ಓರೆಯ ಎತ್ತರದಲ್ಲೇ ಸಾಗುತ್ತಾನೆ. ಆಗ ಹಿಂದಿನವನಿಗೆ ಅವನಿಗಿಂತ ಮೇಲೇರಿ ಇಳಿಜಾರಿನ ಲಾಭ ಪಡೆಯಲು ಜಾಗವಿರುವುದಿಲ್ಲ. ಹಿಂದಿನವನು ಒಳಗೆ ನುಗ್ಗಲು ನೋಡಿದರೆ ಮೇಲಿದ್ದವನು ಧುಮುಕಿ ಓಣಿಯನ್ನು ಮೊದಲು ಹಿಡಿಯಬಹುದು. ಕ್ವಾರ್ಟರ್ ಫೈನಲ್‌ನಿಂದ ಮುಂದಕ್ಕೆ ಮೂರರಲ್ಲಿ ಎರಡು ಗೆಲ್ಲಬೇಕು, ಹಾಗಾಗಿ ಮೊದಲ ಓಟದಲ್ಲಿ ಕಲಿತ ಪಾಠ ಎರಡನೆಯದರಲ್ಲಿ ಕೆಲಸಕ್ಕೆ ಬರುತ್ತದೆ.

ಅರ್ಹತಾ ಸುತ್ತಿನಲ್ಲಿ ಒಬ್ಬೊಬ್ಬರೇ ಮೇಲೆ ಹತ್ತಿ ಸುತ್ತುತ್ತಾರಲ್ಲ, ಅಲ್ಲಿ ಏನು ನಡೀತಿರುತ್ತೆ?

ಅದು 200 ಮೀಟರ್ ಹಾರುವ ಓಟ. ಓಡುತ್ತಲೇ ಬಂದು ಕೊನೆಯ 200 ಮೀಟರ್‌ಗೆ ಮಾತ್ರ ಸಮಯ ಹಿಡಿಯುತ್ತಾರೆ. ಯಾರು ಯಾರ ವಿರುದ್ಧ ಓಡಬೇಕು ಎಂಬುದು ಈ ಸಮಯದ ಮೇಲೆ ನಿರ್ಧಾರವಾಗುತ್ತದೆ.

ಓರೆಯ ತುದಿ ಒಳಅಂಚಿಗಿಂತ ಸುಮಾರು 4 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ತುದಿಯಲ್ಲಿ ಗಂಟೆಗೆ 60 ಕಿ.ಮೀ. ವೇಗ ಗಳಿಸಿ ಕೆಳಕ್ಕೆ ಧುಮುಕಿದರೆ, ಗಾಳಿಯ ತಡೆಯನ್ನು ಬಿಟ್ಟು ನೋಡಿದಾಗ, ಬರೀ ಎತ್ತರದಿಂದಲೇ ವೇಗ 68 ಕಿ.ಮೀ. ಆಗುತ್ತದೆ. ಪುಕ್ಕಟೆ ಸಿಗುವ ಆ 8 ಕಿ.ಮೀ.ಗಾಗಿಯೇ ಅವರು ಅಷ್ಟು ಮೇಲೆ ಹತ್ತುವುದು. ಬೇಗ ಧುಮುಕಿದರೆ ಗೆರೆ ಬರುವಷ್ಟರಲ್ಲಿ ಕಾಲು ಸೋಲುತ್ತದೆ, ತಡವಾದರೆ ಪೂರ್ತಿ ವೇಗ ಬರುವ ಮೊದಲೇ ಗಡಿಯಾರ ಶುರುವಾಗಿರುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ರಿಚರ್ಡ್‌ಸನ್ 9.091 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮುರಿದ. ಸ್ವಲ್ಪ ಹೊತ್ತಿನಲ್ಲೇ ನೆದರ್ಲೆಂಡ್ಸ್‌ನ ಹ್ಯಾರಿ ಲಾವ್ರೇಸನ್ 9.088 ಮಾಡಿ ಅದನ್ನೂ ಮುರಿದ. ಗಂಟೆಗೆ 79 ಕಿ.ಮೀ. ವೇಗ ಅದು. ಇಬ್ಬರ ನಡುವಿನ ಅಂತರವನ್ನು ನೆಲದ ಮೇಲೆ ಅಳೆದರೆ ಏಳು ಸೆಂಟಿಮೀಟರ್‌ಗೂ ಕಡಿಮೆ. ಫೈನಲ್‌ನಲ್ಲೂ ಇವರಿಬ್ಬರೇ ಎದುರಾದರು, ಲಾವ್ರೇಸನ್ 2–0 ಗೆದ್ದ.

ಕೀರಿನ್‌ನಲ್ಲಿ ಮುಂದೆ ಒಂದು ಮೋಟಾರು ಬೈಕ್ ಹೋಗ್ತಿರುತ್ತಲ್ಲ, ಅದ್ಯಾಕೆ?

ಅದರ ಹೆಸರು ಡರ್ನಿ. ಆರು ಸುತ್ತಿನ, ಅಂದರೆ 1.5 ಕಿ.ಮೀ. ರೇಸಿನ ಮೊದಲ ಮೂರು ಸುತ್ತು ಅದು ಮುಂದೆ ಹೋಗುತ್ತದೆ. ಗಂಟೆಗೆ 30 ಕಿ.ಮೀ.ಯಿಂದ ನಿಧಾನವಾಗಿ ಏರಿಸುತ್ತ 50 ಕಿ.ಮೀ. ಮುಟ್ಟಿಸಿ, ಮೂರು ಸುತ್ತು ಬಾಕಿ ಇರುವಾಗ ಪಕ್ಕಕ್ಕೆ ಸರಿದು ಹೋಗುತ್ತದೆ. ಅಲ್ಲಿಯವರೆಗೆ ಅದನ್ನು ಯಾರೂ ದಾಟುವಂತಿಲ್ಲ. ಅದು ಇಲ್ಲದಿದ್ದರೆ ಸ್ಪ್ರಿಂಟ್‌ನ ಹಾಗೆ ಆರು ಜನವೂ ಹಿಂದೆ ಉಳಿಯಲು ನೋಡಿ ರೇಸು ಶುರುವೇ ಆಗುತ್ತಿರಲಿಲ್ಲ.

ಈ ಆಟ ಹುಟ್ಟಿದ್ದು ಜಪಾನಿನಲ್ಲಿ. 1948ರಲ್ಲಿ ಕೊಕುರಾ ಊರಿನಲ್ಲಿ ಬಾಜಿ ಕಟ್ಟುವ ರೇಸಾಗಿ ಶುರುವಾಯಿತು, ಇಂದಿಗೂ ಅಲ್ಲಿ ಜನ ಟಿಕೆಟ್ ಕೊಂಡು ದುಡ್ಡು ಕಟ್ಟುತ್ತಾರೆ. ಜಪಾನಿನ ಕೀರಿನ್ ಹೆಚ್ಚಾಗಿ ಬಯಲಿನ ದೊಡ್ಡ ಟ್ರ್ಯಾಕುಗಳಲ್ಲಿ, ಒಂಬತ್ತು ಸವಾರರ ನಡುವೆ, ಉಕ್ಕಿನ ಫ್ರೇಮಿನ ಸೈಕಲ್ಲುಗಳ ಮೇಲೆ ನಡೆಯುತ್ತದೆ. ಅಲ್ಲಿ ಮುಂದೆ ಹೋಗುವುದು ಮೋಟಾರಲ್ಲ, ಇನ್ನೊಬ್ಬ ಸವಾರ. ಒಲಿಂಪಿಕ್ಸ್‌ಗೆ ಇದು ಬಂದದ್ದು 2000ದ ಸಿಡ್ನಿಯಲ್ಲಿ, ಮಹಿಳೆಯರಿಗೆ 2012ರ ಲಂಡನ್‌ನಲ್ಲಿ.

ಟೋಕಿಯೊ ಕೀರಿನ್ ಫೈನಲ್‌ನಲ್ಲಿ ಜೇಸನ್ ಕೆನ್ನಿ ಮೂರು ಸುತ್ತು ಮೊದಲೇ ಹೊರಟುಬಿಟ್ಟ. ಉಳಿದವರು ಯಾಕೆ ಬಿಟ್ಟರು?

2021ರ ಆಗಸ್ಟ್ 8. ಚೀಟಿಯಲ್ಲಿ ಬ್ರಿಟನ್ನಿನ ಕೆನ್ನಿಗೆ ಡರ್ನಿಯ ನೇರ ಹಿಂದಿನ ಜಾಗ ಬಂದಿತ್ತು. ಸಾಮಾನ್ಯವಾಗಿ ಅದು ಯಾರಿಗೂ ಬೇಡದ ಜಾಗ, ಏಕೆಂದರೆ ಡರ್ನಿ ಸರಿದ ಕೂಡಲೇ ಗಾಳಿಗೆ ಮೊದಲು ಮುಖ ಒಡ್ಡುವವನು ನೀವೇ. ಅವನ ಹಿಂದೆ ಆಸ್ಟ್ರೇಲಿಯಾದ ಮ್ಯಾಥ್ಯೂ ಗ್ಲೇಟ್ಜರ್. ಹಿಂದಿನವರ ಮೇಲೆ ಕಣ್ಣಿಟ್ಟ ಗ್ಲೇಟ್ಜರ್, ತನಗೆ ಓಡಿ ಬರಲು ಜಾಗವಿರಲಿ ಎಂದು ಕೆನ್ನಿಯಿಂದ ಸ್ವಲ್ಪ ದೂರ ಉಳಿದ.

ಡರ್ನಿ ಸರಿಯುವ ಹೊತ್ತಿಗೆ ಕೆನ್ನಿ ಹಿಂತಿರುಗಿ ನೋಡಿದ. ಅಂತರ ಕಂಡಿತು, ಎದ್ದು ನಿಂತು ತುಳಿದ. 750 ಮೀಟರ್ ಒಬ್ಬನೇ ಹೋಗುವುದು ಸ್ಪ್ರಿಂಟರ್‌ಗೆ ಹುಚ್ಚು ಸಾಹಸ, ಕೊನೆಯ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ. ಆದರೆ ಹಿಂದಿನವರ ಲೆಕ್ಕ ನೋಡಿ. ಅಂತರವನ್ನು ಮುಚ್ಚುವ ಕೆಲಸ ಎರಡನೆಯ ಜಾಗದಲ್ಲಿದ್ದ ಗ್ಲೇಟ್ಜರ್‌ನದು. ಅವನು ಮುಚ್ಚಿದರೆ ಪೂರ್ತಿ ದಣಿದು, ಹಿಂದಿರುವ ನಾಲ್ವರಿಗೆ ಗೆಲುವನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ. ಉಳಿದವರಲ್ಲಿ ಯಾರು ಮುಂದೆ ಬಂದರೂ ಅದೇ ಗತಿ. ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅಂತರ ಕೈಮೀರಿತ್ತು. ಮಲೇಷ್ಯಾದ ಅಜೀಜುಲ್ ಹಸ್ನಿ ಅವಾಂಗ್ ಬೆಳ್ಳಿ, ಲಾವ್ರೇಸನ್ ಕಂಚು ಪಡೆದರು. ಕೆನ್ನಿಗೆ ಅದು ಏಳನೆಯ ಒಲಿಂಪಿಕ್ ಚಿನ್ನ.

ರಸ್ತೆ ರೇಸ್‌ಗಳಲ್ಲಿ ಒಬ್ಬ ಸವಾರ ಗುಂಪು ಬಿಟ್ಟು ಓಡಿ ಗೆಲ್ಲುವುದೂ ಇದೇ ಕಾರಣಕ್ಕೆ. ಅಲ್ಲಿ ಈ ಜಗ್ಗಾಟ ಒಂದು ಗಂಟೆ ನಡೆಯಬಹುದು, ಇಲ್ಲಿ ನಿಮಿಷದೊಳಗೆ ಮುಗಿಯುತ್ತದೆ.

ಪರ್ಸೂಟ್‌ನಲ್ಲಿ ಇಬ್ಬರೂ ಎದುರು ಬದುರು ಹೊರಡ್ತಾರೆ. ಯಾರು ಮುಂದಿದ್ದಾರೆ ಅಂತ ಗೊತ್ತಾಗೋದು ಹೇಗೆ?

ಟ್ರ್ಯಾಕಿನ ಎರಡು ನೇರ ಭಾಗಗಳ ಮಧ್ಯದಿಂದ, ಸರಿಯಾಗಿ ಅರ್ಧ ಸುತ್ತಿನ ಅಂತರದಲ್ಲಿ, ನಿಂತ ಜಾಗದಿಂದ ಹೊರಡುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಗೆರೆ ದಾಟಿದ ಸಮಯವನ್ನು ಹೋಲಿಸುತ್ತಾರೆ. ದೂರ 4 ಕಿ.ಮೀ., ಅಂದರೆ 16 ಸುತ್ತು. ಮಹಿಳೆಯರ ಒಬ್ಬರೇ ಓಡುವ ಪರ್ಸೂಟ್ 3 ಕಿ.ಮೀ. ಇತ್ತು, 2025ರಿಂದ ಅದೂ 4 ಕಿ.ಮೀ. ಫೈನಲ್‌ನಲ್ಲಿ ಒಬ್ಬರು ಇನ್ನೊಬ್ಬರನ್ನು ಹಿಂದಿನಿಂದ ಬಂದು ಹಿಡಿದರೆ ರೇಸು ಅಲ್ಲಿಗೇ ಮುಗಿಯಿತು.

ಟಿವಿಯಲ್ಲಿ ನೋಡುವಾಗ ಸವಾರರನ್ನು ಬಿಟ್ಟು ಪರದೆಯ ಮೂಲೆಯ ಸಮಯದ ವ್ಯತ್ಯಾಸ ನೋಡಿ. ಅರ್ಧ ಸುತ್ತಿಗೊಮ್ಮೆ ಅದು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದರಲ್ಲೇ ಕತೆಯೆಲ್ಲ ಇರುತ್ತದೆ. ಒಬ್ಬರೇ ಓಡುವ ಪರ್ಸೂಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಳಿದಿದೆ, ಒಲಿಂಪಿಕ್ಸ್‌ನಲ್ಲಿ 2008ರ ಬೀಜಿಂಗ್ ನಂತರ ಇಲ್ಲ. ಅದನ್ನು ತೆಗೆದದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಭಾರತದಲ್ಲಿ ಇಂಥ ಟ್ರ್ಯಾಕ್ ಎಲ್ಲಿದೆ? ನಮ್ಮವರು ಯಾರಾದ್ರೂ ಇದ್ದಾರಾ?

2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿ 250 ಮೀಟರಿನ ಮರದ ಒಳಾಂಗಣ ವೆಲೊಡ್ರೋಮ್ ಕಟ್ಟಿದರು. ಭಾರತದ ಸ್ಪ್ರಿಂಟರ್‌ಗಳು ಬೆಳೆದದ್ದು ಅಲ್ಲೇ. ಅಂಡಮಾನಿನ ಎಸೋ ಆಲ್ಬೆನ್ 2018ರಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ಕೀರಿನ್‌ನಲ್ಲಿ ಬೆಳ್ಳಿ ಗೆದ್ದ, ಮರುವರ್ಷ ಭಾರತದ ಕಿರಿಯರ ತಂಡ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನವನ್ನೇ ತಂದಿತು.

ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆಯ ಕಡೆಯ ಮಕ್ಕಳು. ಅವರು ಬೆಳೆಯುವುದು ಹೆದ್ದಾರಿಯಲ್ಲಿ, ಎದುರುಗಾಳಿಯಲ್ಲಿ. ಆ ಗಟ್ಟಿತನ ಪರ್ಸೂಟ್‌ನಂಥ ದೂರದ ಸ್ಪರ್ಧೆಗೆ ಹೊಂದುತ್ತದೆ. ಸ್ಪ್ರಿಂಟ್‌ಗೆ ಮಾತ್ರ ಓರೆಯ ಮೇಲೆ ದಿನವೂ ಓಡಿಯೇ ಕಲಿಯಬೇಕು, ರಸ್ತೆಯಲ್ಲಿ ಅದು ಬರುವುದಿಲ್ಲ.

## ಇನ್ನೂ ಆಳಕ್ಕೆ

ಟೀಮ್ ಪರ್ಸೂಟ್‌ನಲ್ಲಿ ನಾಲ್ವರಲ್ಲಿ ಒಬ್ಬ ಮಧ್ಯದಲ್ಲೇ ಬಿಟ್ಟು ಹೋಗ್ತಾನೆ. ಸೋತು ಹೋದನಾ?

ಹೆಚ್ಚಾಗಿ ಅದು ಮೊದಲೇ ಮಾಡಿಕೊಂಡ ಯೋಜನೆ. ತಂಡದ ಸಮಯ ನಿಲ್ಲುವುದು ಮೂರನೆಯವನ ಮುಂಚಕ್ರ ಗೆರೆ ದಾಟಿದಾಗ, ಹಾಗಾಗಿ ನಾಲ್ಕನೆಯವನು ತನ್ನ ಶಕ್ತಿಯನ್ನೆಲ್ಲ ಒಂದು ದೊಡ್ಡ ಸರದಿಯಲ್ಲಿ ಸುರಿದು ಪಕ್ಕಕ್ಕೆ ಸರಿಯಬಹುದು. ಎಡವಟ್ಟಾಗುವುದು ಮೂರನೆಯವನು ಬಿದ್ದುಹೋದಾಗ. ಮುಂದಿನ ಇಬ್ಬರಿಗೆ ಅದು ತಿಳಿಯುವುದೇ ಇಲ್ಲ, ಅವರು ಎಷ್ಟು ಜೋರಾಗಿ ಓಡಿದರೂ ಪ್ರಯೋಜನವಿಲ್ಲ.

ಟೋಕಿಯೊದಲ್ಲಿ ಡೆನ್ಮಾರ್ಕ್ ಮತ್ತು ಬ್ರಿಟನ್ ನಡುವೆ ಹೀಗೇ ಆಯಿತು. ಬ್ರಿಟನ್ನಿನ ಮೂರನೆಯವನಾಗಿದ್ದ ಚಾರ್ಲಿ ಟ್ಯಾನ್‌ಫೀಲ್ಡ್ ತನ್ನವರಿಂದ ಹಿಂದೆ ಬಿದ್ದ. ಗಾಳಿ ತಪ್ಪಿಸಲು ತಲೆ ಪೂರ್ತಿ ತಗ್ಗಿಸಿಕೊಂಡು ಬರುತ್ತಿದ್ದ ಡೆನ್ಮಾರ್ಕಿನ ಫ್ರೆಡೆರಿಕ್ ಮ್ಯಾಡ್ಸನ್ ಅವನನ್ನು ನೋಡಲೇ ಇಲ್ಲ, ಹಿಂದಿನಿಂದ ಗುದ್ದಿ ಇಬ್ಬರೂ ಬಿದ್ದರು. ಡಿಕ್ಕಿಗೆ ಮೊದಲೇ ಎದುರಾಳಿಯನ್ನು ಹಿಡಿದಂತಾಗಿತ್ತು ಎಂದು ತೀರ್ಮಾನಿಸಿ ಡೆನ್ಮಾರ್ಕನ್ನು ಫೈನಲ್‌ಗೆ ಕಳಿಸಿದರು. ಅಲ್ಲಿ ಕೊನೆಯ ಸುತ್ತುಗಳವರೆಗೂ ಮುಂದಿದ್ದ ಡೆನ್ಮಾರ್ಕನ್ನು ಫಿಲಿಪ್ಪೊ ಗಾನ್ನಾನ ಕೊನೆಯ ಎಳೆತದ ಬಲದಿಂದ ಇಟಲಿ ಸೋಲಿಸಿತು. ಸಮಯ 3:42.032.

ಸರದಿ ಬದಲಿಸುವಾಗ ಮೇಲಕ್ಕೆ ಹೋಗಿ ಹಿಂದಕ್ಕೆ ಸರಿಯಾಗಿ ಬಂದು ಸೇರ್ತಾರಲ್ಲ, ಬ್ರೇಕ್ ಇಲ್ಲದೆ ಅದು ಹೇಗೆ?

ತಿರುವೇ ಆ ಕೆಲಸ ಮಾಡಿಕೊಡುತ್ತದೆ. ಮುಂದಿನವನು ತಿರುವು ಶುರುವಾದಲ್ಲಿ ಓರೆಯ ಮೇಲಕ್ಕೆ ಹೊರಳುತ್ತಾನೆ. ಮೇಲೆ ಏರುವಾಗ ವೇಗ ಸ್ವಲ್ಪ ಇಳಿಯುತ್ತದೆ, ಹೊರಗಿನ ದಾರಿಯೂ ಉದ್ದ. ಅಷ್ಟರಲ್ಲಿ ಉಳಿದ ಮೂವರು ಒಳಗಿನಿಂದ ಮುಂದೆ ಹೋಗುತ್ತಾರೆ. ತಿರುವು ಮುಗಿಯುವಾಗ ಅವನು ಕೆಳಕ್ಕೆ ಇಳಿದು, ಏರಿದಾಗ ಕಳೆದುಕೊಂಡ ವೇಗವನ್ನು ಮರಳಿ ಪಡೆದು, ಕೊನೆಯ ಚಕ್ರದ ಹಿಂದೆ ಕೂರುತ್ತಾನೆ. ಚಕ್ರದಿಂದ ಒಂದು ಮೀಟರ್ ಹಿಂದೆ ಬಿದ್ದರೂ ಆ ಅಂತರ ಮುಚ್ಚಲು ಖರ್ಚಾಗುವ ಶಕ್ತಿ ಅವನ ಮುಂದಿನ ಸರದಿಯಲ್ಲಿ ಕಾಣುತ್ತದೆ. ದಣಿದವನನ್ನು ಗುರುತಿಸಬೇಕಾದರೆ ಈ ಇಳಿತವನ್ನೇ ನೋಡಿ.

ಹಂಚಿಕೊಂಡ ಗಾಳಿಯ ಬೆಲೆ ಎಷ್ಟು ಎಂಬುದಕ್ಕೆ ಎರಡು ಸಮಯ ಸಾಕು. 2022ರಲ್ಲಿ ಗಾನ್ನಾ ಒಬ್ಬನೇ 4 ಕಿ.ಮೀ.ಯನ್ನು 3:59.636ಕ್ಕೆ ಮುಗಿಸಿ, ಆಗಿನ ವಿಶ್ವದಾಖಲೆ ಮುರಿದ. ಪ್ಯಾರಿಸ್‌ನಲ್ಲಿ ಆಸ್ಟ್ರೇಲಿಯಾದ ನಾಲ್ವರು ಅದೇ ದೂರವನ್ನು 3:40.730ಕ್ಕೆ ಮುಗಿಸಿದರು. ಸರಾಸರಿ ವೇಗ ಗಂಟೆಗೆ 60 ಕಿ.ಮೀ.ಯಿಂದ 65ಕ್ಕೆ ಏರಿತು.

ಒಂದೇ ಗೇರ್ ಅಂದ್ರೆ ಯಾವ ಗೇರ್ ಹಾಕಬೇಕು ಅಂತ ಹೇಗೆ ತೀರ್ಮಾನಿಸ್ತಾರೆ?

ಮುಂದೆ 60 ಹಲ್ಲು, ಹಿಂದೆ 15 ಹಲ್ಲಿನ ಚಕ್ರ ಹಾಕಿದರೆ ಒಂದು ತುಳಿತಕ್ಕೆ ಹಿಂದಿನ ಚಕ್ರ ನಾಲ್ಕು ಸಲ ತಿರುಗಿ, ಸೈಕಲ್ ಸುಮಾರು 8.4 ಮೀಟರ್ ಮುಂದೆ ಹೋಗುತ್ತದೆ. ಈ ಗೇರಿನಲ್ಲಿ ಗಂಟೆಗೆ 79 ಕಿ.ಮೀ. ಹೋಗಬೇಕಾದರೆ ನಿಮಿಷಕ್ಕೆ 157 ಸಲ ತುಳಿಯಬೇಕು. ಗೇರ್ ಭಾರ ಮಾಡಿದರೆ ತುಳಿತ ಕಡಿಮೆ ಸಾಕು, ಆದರೆ ನಿಂತ ಜಾಗದಿಂದ ಎಳೆಯುವುದು, ದಿಢೀರನೆ ಹಾರುವುದು ಕಷ್ಟ. ಸ್ಪ್ರಿಂಟ್ ಸವಾರ ಎದುರಾಳಿಯನ್ನು ನೋಡಿ ಗೇರ್ ಬದಲಿಸುತ್ತಾನೆ. ಎದುರಾಳಿ ದೂರದಿಂದಲೇ ಓಡುವವನಾದರೆ ಭಾರದ್ದು, ನಿಲ್ಲಿಸಿ ಹಾರುವವನಾದರೆ ಹಗುರದ್ದು. ಊಹೆ ತಪ್ಪಿದರೆ ಮಧ್ಯದಲ್ಲಿ ಸರಿಪಡಿಸಲು ಆಗುವುದಿಲ್ಲ. ರಸ್ತೆಯಲ್ಲಿ ಬೆರಳ ತುದಿಯಲ್ಲಿ ನಡೆಯುವ ಈ ನಿರ್ಧಾರವನ್ನು ಇಲ್ಲಿ ರೇಸಿಗೆ ಮೊದಲು ಸ್ಪ್ಯಾನರ್ ಹಿಡಿದು ಮಾಡಬೇಕು.

ರಸ್ತೆಯ ಚಾಂಪಿಯನ್ ಟ್ರ್ಯಾಕಿಗೆ ಬಂದರೆ ಗೆಲ್ಲಬಹುದಾ?

ಪರ್ಸೂಟ್‌ನಲ್ಲಿ ಹೌದು. ನಾಲ್ಕು ನಿಮಿಷ ಒಂದೇ ಹದದಲ್ಲಿ ನೋವು ತಡೆದುಕೊಳ್ಳುವ ಶ್ವಾಸ, ಹೃದಯ ರಸ್ತೆಯಲ್ಲೇ ಬೆಳೆಯುತ್ತದೆ. ಗಾನ್ನಾ ರಸ್ತೆಯ ಟೈಮ್ ಟ್ರಯಲ್‌ನಲ್ಲೂ ವಿಶ್ವ ಚಾಂಪಿಯನ್ ಆದವನು. ಅವನು ಹೊಸದಾಗಿ ಕಲಿಯಬೇಕಾದದ್ದು ಮೊದಲ ಸುತ್ತಿನ ಸಂಯಮ. ನಿಂತ ಜಾಗದಿಂದ ಉತ್ಸಾಹದಲ್ಲಿ ಅತಿಯಾಗಿ ತುಳಿದವನು ಮೂರನೆಯ ಕಿಲೋಮೀಟರ್‌ನಲ್ಲಿ ಸುತ್ತಿಗೆ ಅರ್ಧರ್ಧ ಸೆಕೆಂಡು ಕಳೆದುಕೊಳ್ಳುತ್ತ ಹೋಗುತ್ತಾನೆ.

ಸ್ಪ್ರಿಂಟ್, ಕೀರಿನ್‌ಗಳಲ್ಲಿ ಸಾಧ್ಯವಿಲ್ಲ ಅನ್ನಬೇಕು. ಟೂರ್‌ನ ಕೊನೆಯಲ್ಲಿ ಗುಂಪಿನ ಓಟ ಗೆಲ್ಲುವ ರಸ್ತೆ ಸ್ಪ್ರಿಂಟರ್ ನಾಲ್ಕೈದು ಗಂಟೆ ದಣಿದ ಮೇಲೂ ವೇಗ ಉಳಿಸಿಕೊಂಡವನು, ಬೆಟ್ಟ ಹತ್ತಿಸಬೇಕಾದ್ದರಿಂದ ಮೈ ಹಗುರ. ಟ್ರ್ಯಾಕಿನ ಸ್ಪ್ರಿಂಟರ್ ಜಿಮ್ಮಿನಲ್ಲಿ ಭಾರ ಎತ್ತಿ ತೊಡೆ ಬೆಳೆಸಿದವನು, ಅವನ ಪೂರ್ತಿ ಓಟ ನಿಮಿಷದೊಳಗೆ ಮುಗಿಯುತ್ತದೆ. ಅವನನ್ನು ನಂದಿ ಬೆಟ್ಟಕ್ಕೆ ಕಳಿಸಿದರೆ ರಸ್ತೆಯ ಸಾಮಾನ್ಯ ಸವಾರನೂ ಹಿಂದೆ ಹಾಕುತ್ತಾನೆ.

ಬೀಳುವ ರೀತಿಯೂ ಬೇರೆ. ರಸ್ತೆಯಲ್ಲಿ ಡಾಂಬರು ಚರ್ಮ ಸುಲಿಯುತ್ತದೆ, ಇಲ್ಲಿ ಮರದ ಸಿಬಿರು ಚುಚ್ಚುತ್ತದೆ. 2011ರಲ್ಲಿ ಮ್ಯಾಂಚೆಸ್ಟರ್‌ನ ವಿಶ್ವಕಪ್ ಕೀರಿನ್‌ನಲ್ಲಿ ಬಿದ್ದ ಅವಾಂಗ್ ಎದ್ದು, ಸೈಕಲ್ ಹತ್ತಿ, ಮೂರನೆಯವನಾಗಿ ಗೆರೆ ದಾಟಿದ. ಸುಮಾರು 20 ಸೆಂಟಿಮೀಟರ್ ಉದ್ದದ ಟ್ರ್ಯಾಕಿನ ಚೂರೊಂದು ಅವನ ಮೀನಖಂಡದ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬಂದಿದ್ದು ಆಮೇಲೆ ಎಲ್ಲರಿಗೂ ಕಂಡಿತು. ಹತ್ತು ವರ್ಷದ ನಂತರ ಟೋಕಿಯೊದಲ್ಲಿ ಕೆನ್ನಿಯ ಹಿಂದೆ ಬೆಳ್ಳಿ ಗೆದ್ದವನು ಅವನೇ.